ಗೇಟುಗಳು ಹಿಂದಕ್ಕೆ ಓಡಿದ ಶಾಟ್: ಒಂದು ಸ್ಟೋರಿಬೋರ್ಡ್ ಪ್ರಕರಣ

ನಾನಿರುವುದು ಕೊಪ್ಪಳದಲ್ಲಿ. ಸ್ಟೋರಿಬೋರ್ಡ್ ಬರೆಯುವುದು, ಅಂದರೆ ಚಿತ್ರದ ಒಂದೊಂದು ಶಾಟನ್ನೂ ಮೊದಲೇ ಹಾಳೆಯ ಮೇಲೆ ಬರೆದು ತೋರಿಸುವುದು, ನನ್ನ ಕೆಲಸ. ಅದಕ್ಕೆ ಜೀವ ಕೊಡುವ ಹುಡುಗ ರಾಯಚೂರಿನವ. ಮೂರ್ನಾಲ್ಕು ಕೆಲಸ ಒಟ್ಟಿಗೆ ಮಾಡಿದ್ದೇವೆ, ಮುಖತಃ ಭೇಟಿಯಾಗಿದ್ದು ಮಾತ್ರ ಎರಡೇ ಸಲ. ಉಳಿದದ್ದೆಲ್ಲ ಫೋನು, ವಾಟ್ಸಾಪು. ಹಾಗಾಗಿ ನಾನು ಬೋರ್ಡಿನ ಒಂದೊಂದು ಚಿತ್ರದ, ಅಂದರೆ ಪ್ಯಾನೆಲ್‌ನ, ಕೆಳಗೆ ಏನು ಬರೆದು ಕಳಿಸುತ್ತೇನೋ ಅವನಿಗೆ ಅಷ್ಟೇ ಆಧಾರ.

ಈ ಸಲದ ಕೆಲಸ 90 ಸೆಕೆಂಡಿನ ಚಿಕ್ಕ ಚಿತ್ರ. ವಿಷಯ ನಮ್ಮ ಭಾಗದವರಿಗೆಲ್ಲ ಗೊತ್ತಿರುವುದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಅದೇ 16 ಮತ್ತು 17ಕ್ಕೆ, ನೀರು ಹರಿಯುತ್ತಿರುವಾಗಲೇ, ಕ್ರೇನಿನಿಂದ ಸ್ಟಾಪ್ ಲಾಗ್ ಎಂಬ ತಡೆಯ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಿದರು. ಎಡದಂಡೆ ಕಾಲುವೆಯ ಕೊನೆಯ ಊರುಗಳ ರೈತರ ಸಭೆಯಲ್ಲಿ ತೋರಿಸಲು ಈ ಕಥೆ ಬೇಕಾಗಿತ್ತು. ಮಾತು ಕಡಿಮೆ, ಚಿತ್ರ ಜಾಸ್ತಿ ಇರಲಿ ಎಂದಿದ್ದರು.

ನಾನು 14 ಶಾಟ್ ಬರೆದೆ. ಸೆಕೆಂಡಿಗೆ 24 ಫ್ರೇಮ್. ಹಿನ್ನೆಲೆ ಮಾತನ್ನು ಮೊದಲೇ ರೆಕಾರ್ಡ್ ಮಾಡಿಸಿ, ಅದರ ಮೇಲೆ ಪ್ಯಾನೆಲ್‌ಗಳನ್ನು ಜೋಡಿಸಿ ಆನಿಮ್ಯಾಟಿಕ್ ಮಾಡಿದೆ. ಅಂದರೆ ನಿಂತ ಚಿತ್ರಗಳನ್ನೇ ಸಮಯಕ್ಕೆ ಸರಿಯಾಗಿ ಒಂದರ ಹಿಂದೆ ಒಂದು ಓಡಿಸುವುದು. ಅದು ಸರಿಯಾಗಿ 90 ಸೆಕೆಂಡು ಬಂತು. ಮಾತೂ ಚಿತ್ರವೂ ಕೂಡಿದವು. ಬೋರ್ಡು, ಆನಿಮ್ಯಾಟಿಕ್ಕು, ಆಡಿಯೊ ಮೂರನ್ನೂ ಕಳಿಸಿ ನಿಶ್ಚಿಂತೆಯಿಂದ ಬೇರೆ ಕೆಲಸಕ್ಕೆ ಕೂತೆ.

ಎಂಟು ದಿನದ ಮೇಲೆ ಮೊದಲ ಕಟ್ ಬಂತು. ಚಿತ್ರ 84 ಸೆಕೆಂಡು ಇತ್ತು. ಚೈನು ರಬ್ಬರಿನಂತೆ ಹಿಗ್ಗಿ ಹಿಗ್ಗಿ ಕಡಿಯುತ್ತಿತ್ತು. ನಾಲ್ಕನೇ ಶಾಟಿನ ಬಗ್ಗೆ ಅವನೇ ಒಂದು ವಾಯ್ಸ್ ಮೆಸೇಜು ಹಾಕಿದ್ದ: "ಅಣ್ಣಾ, ಗೇಟು ಹಿಂದಕ್ಕ ಓಡಾಕತ್ಯಾವ ನೋಡ್ರಿ. ನಾ ಏನೂ ತಪ್ಪು ಮಾಡಿಲ್ಲ, ಕೀ ಎಲ್ಲಾ ಸರಿ ಅದಾವ."

ಅವನು ಹೇಳಿದ್ದು ನಿಜ. ಕೀಗಳು, ಅಂದರೆ ಚಲನೆ ಎಲ್ಲಿಂದ ಎಲ್ಲಿಗೆ ಎಂದು ಗುರುತಿಸುವ ಮುಖ್ಯ ಫ್ರೇಮುಗಳು, ಸರಿಯಾಗಿಯೇ ಇದ್ದವು. ಮೂರೂ ತಪ್ಪು ನನ್ನ ಬರಹದಲ್ಲಿದ್ದವು.

ನಾಲ್ಕನೇ ಶಾಟ್

ಅಣೆಕಟ್ಟಿಗೆ 33 ಗೇಟು. ಮೊದಲ ಗೇಟಿನಿಂದ ಶುರುವಾಗಿ ಸಾಲು ತೋರಿಸುತ್ತಾ ಹೋಗಿ 19ನೆಯದರ ಮುಂದೆ ನಿಲ್ಲಬೇಕು ಎಂಬುದು ನನ್ನ ಆಸೆ. ಅಗಲವಾದ ಒಂದೇ ಹಾಳೆಯಲ್ಲಿ 33 ಗೇಟನ್ನೂ ಬರೆದು, ಕೆಳಗೆ ಹೀಗೆ ಹಾಕಿದ್ದೆ: "ಪ್ಯಾನ್, ಬೇಗ, 19ರ ಹತ್ತಿರ ನಿಲ್ಲಲಿ. 2 ಸೆಕೆಂಡು." ಮೇಲೊಂದು ಬಾಣ, ಬಲಕ್ಕೆ.

ಈಗ ಲೆಕ್ಕ ನೋಡಿ. ಪರದೆ 1920 ಪಿಕ್ಸೆಲ್ ಅಗಲ. ನನ್ನ ಹಾಳೆಯಲ್ಲಿ ಒಂದು ಗೇಟಿನಿಂದ ಮುಂದಿನ ಗೇಟಿಗೆ 160 ಪಿಕ್ಸೆಲ್. ಮೊದಲ ಗೇಟಿನ ಎಡ ಅಂಚಿನಿಂದ ಶುರು ಮಾಡಿ 19ನೇ ಗೇಟು ನಡುವಿಗೆ ಬರಬೇಕು ಎಂದರೆ ಕ್ಯಾಮೆರಾ 2000 ಪಿಕ್ಸೆಲ್ ಸರಿಯಬೇಕು. 2 ಸೆಕೆಂಡು ಅಂದರೆ 48 ಫ್ರೇಮು. ಸರಾಸರಿ ಫ್ರೇಮಿಗೆ 42 ಪಿಕ್ಸೆಲ್. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಯಾವ ಆನಿಮೇಟರ್ ಕೂಡ ಕ್ಯಾಮೆರಾವನ್ನು ಒಂದೇ ವೇಗದಲ್ಲಿ ಎಳೆಯುವುದಿಲ್ಲ. ನಿಧಾನಕ್ಕೆ ಎದ್ದು, ನಡುವೆ ಜೋರಾಗಿ, ಕೊನೆಗೆ ನಿಧಾನಕ್ಕೆ ನಿಲ್ಲಿಸುತ್ತಾನೆ. ಎರಡು ತುದಿಯಲ್ಲಿ ನಿಧಾನವಾದಷ್ಟೂ ನಡುವಿನ ವೇಗ ಏರುತ್ತದೆ. ಅವನ ಫೈಲಿನಲ್ಲಿ ನಡುವಿನ ಫ್ರೇಮುಗಳು 90 ಪಿಕ್ಸೆಲ್ ದಾಟಿದ್ದವು.

ಗೇಟುಗಳ ನಡುವಿನ ದೂರ 160. ಅದರ ಅರ್ಧ 80. ಒಂದು ಫ್ರೇಮಿನಲ್ಲಿ ಗೇಟು 90 ಪಿಕ್ಸೆಲ್ ಎಡಕ್ಕೆ ಸರಿದರೆ, ಅದರ ಬಲಗಡೆಯ ಗೇಟು ಬಂದು, ಮೊದಲಿನ ಗೇಟು ಇದ್ದ ಜಾಗಕ್ಕಿಂತ 70 ಪಿಕ್ಸೆಲ್ ಬಲಕ್ಕೆ ನಿಲ್ಲುತ್ತದೆ. ಎಲ್ಲ ಗೇಟೂ ಒಂದೇ ತರ. ಯಾವುದು ಎಲ್ಲಿಂದ ಬಂತು ಎಂದು ಕಣ್ಣಿಗೆ ಗೊತ್ತಾಗುವುದು ಹೇಗೆ? ಹತ್ತಿರದ್ದನ್ನೇ ಹಿಡಿದುಕೊಳ್ಳುತ್ತದೆ. 90 ಎಡಕ್ಕೆ ಹೋಗಿದ್ದನ್ನು 70 ಬಲಕ್ಕೆ ಹೋಯಿತು ಎಂದು ಓದುತ್ತದೆ. ಸಿನಿಮಾದಲ್ಲಿ ಬಂಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಕತೆ. 80ರ ಆಸುಪಾಸಿನ ಫ್ರೇಮುಗಳಲ್ಲಿ ಇನ್ನೂ ಕೆಟ್ಟದು. ಅಲ್ಲಿ ಎರಡೂ ಕಡೆ ಸಮ. ಹಾಗಾಗಿ ಗೇಟುಗಳ ಸಂಖ್ಯೆ ದುಪ್ಪಟ್ಟಾದಂತೆ ಮಿಣಮಿಣ ಅನ್ನುತ್ತದೆ.

ನನ್ನ ಆನಿಮ್ಯಾಟಿಕ್‌ನಲ್ಲಿ ಇದು ಯಾಕೆ ಕಾಣಲಿಲ್ಲ? ಅಲ್ಲಿ ಪ್ಯಾನ್ ಇರಲೇ ಇಲ್ಲ. ಶುರುವಿನ ಚಿತ್ರ ಒಂದು, ಕೊನೆಯ ಚಿತ್ರ ಒಂದು, ನಡುವೆ ಕಟ್. ಸೋಮಾರಿತನ, ಬೇರೇನಿಲ್ಲ. ಒಂದೇ ತರದ ವಸ್ತುಗಳ ಸಾಲಿನ ಮೇಲೆ ಕ್ಯಾಮೆರಾ ಸರಿಯುವ ಶಾಟನ್ನು ಮಾತ್ರ ಈಗ ನಾನೇ ಒರಟಾಗಿಯಾದರೂ ಓಡಿಸಿ ನೋಡುತ್ತೇನೆ. ಬೇಲಿ, ಕಂಬ, ಮೆಟ್ಟಿಲು, ರೈಲಿನ ಕಿಟಕಿ, ಸಾಲಾಗಿ ನೆಟ್ಟ ಸಸಿ, ಎಲ್ಲಕ್ಕೂ ಇದೇ ರೋಗ. ಫ್ರೇಮಿಗೆ ಸರಿಯುವ ದೂರ ಎರಡು ಕಂಬಗಳ ನಡುವಿನ ಅಂತರದ ಹೆಚ್ಚುಕಡಿಮೆ ಕಾಲು ಭಾಗದಷ್ಟೇ ಇದ್ದರೆ ಸಾಮಾನ್ಯವಾಗಿ ಕಣ್ಣು ದಾರಿ ತಪ್ಪುವುದಿಲ್ಲ. ಇದು ನಾನು ಕೈಯಾರೆ ನೋಡಿ ಇಟ್ಟುಕೊಂಡ ಅಳತೆ.

ಆ ಅಳತೆಗೆ ತರಬೇಕಾದರೆ ಕ್ಯಾಮೆರಾದ ಸರಿತಕ್ಕೆ 4 ಸೆಕೆಂಡು ಬೇಕು. 96 ಫ್ರೇಮಿನಲ್ಲಿ 2000 ಪಿಕ್ಸೆಲ್ ಅಂದರೆ ಸರಾಸರಿ 21, ನಡುವೆ ಎರಡು ಪಟ್ಟು ಏರಿದರೂ 42. ಇಡೀ ಶಾಟ್ ಮೊದಲು 4 ಸೆಕೆಂಡಿತ್ತು, ಈಗ 7 ಬೇಕಾಯಿತು. ಆ 3 ಸೆಕೆಂಡನ್ನು ಎರಡನೇ ಶಾಟಿನಿಂದ ಕಿತ್ತುಕೊಂಡೆ. ಅಲ್ಲಿ ತುಂಬಿದ ಡ್ಯಾಮಿನ ದೂರದ ನೋಟ 9 ಸೆಕೆಂಡು ಸುಮ್ನೆ ನಿಂತಿತ್ತು, 6 ಸಾಕು. ಮಾತಿನ ಎರಡು ಸಾಲುಗಳ ನಡುವಿನ ಬಿಡುವನ್ನು ಅಷ್ಟಕ್ಕೆ ತಕ್ಕಂತೆ ಆಚೀಚೆ ಮಾಡಿದೆ. ಮೋಷನ್ ಬ್ಲರ್ ಹಾಕಿ, ಸರಿಯುವ ಗೇಟನ್ನು ಮಸುಕು ಮಾಡಿದರೆ ಆಗಲ್ವಾ ಎಂದು ಹುಡುಗ ಕೇಳಿದ. ಸ್ವಲ್ಪ ಆಗುತ್ತದೆ. ಆದರೆ ಈ ಚಿತ್ರ ಕೊನೆಗೆ ವಾಟ್ಸಾಪಿನಲ್ಲೇ ಓಡಾಡುವುದು. ಅಲ್ಲಿ ಅದು ಒತ್ತಿಹೋದ ಮೇಲೆ ಬ್ಲರ್ ಆದ ಗೆರೆ ಬರೀ ಕಲೆ ಕಲೆಯಾಗಿ ಕಾಣುತ್ತದೆ. ಅದರ ಬದಲು ಪ್ರತಿ ಗೇಟಿನ ಮೇಲೂ ಅದರ ನಂಬರು ಬರೆಸಿದೆ. ಗೇಟುಗಳು ಒಂದೇ ತರ ಇಲ್ಲದಿದ್ದರೆ ಕಣ್ಣಿಗೆ ಹಿಡಿಕೆ ಸಿಗುತ್ತದೆ. ನೋಡುವವರು ಎಣಿಸಿಕೊಳ್ಳಲೂಬಹುದು.

ಬಾಣದ ಸಂಗತಿಯೂ ಒಂದಿದೆ. ಬಲಕ್ಕೆ ತೋರಿಸುವ ಬಾಣ ಕ್ಯಾಮೆರಾದ್ದೋ, ಹಾಳೆಯದ್ದೋ? ಕ್ಯಾಮೆರಾ ಬಲಕ್ಕೆ ಹೋದರೆ ಹಾಳೆ ಎಡಕ್ಕೆ ಸರಿಯುತ್ತದೆ. ನಮ್ಮ ಹುಡುಗ ಸರಿಯಾಗೇ ಊಹಿಸಿದ್ದ, ಅದು ಅದೃಷ್ಟ. ಈಗ ಎರಡು ಬಣ್ಣ ಇಟ್ಟುಕೊಂಡಿದ್ದೇವೆ. ನೀಲಿ ಬಾಣ ಕ್ಯಾಮೆರಾಕ್ಕೆ, ಕೆಂಪು ಬಾಣ ಚಿತ್ರದೊಳಗಿನ ವಸ್ತುವಿಗೆ. ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಎಂಬುದಕ್ಕೆ ಹಾಳೆಯ ಮೇಲೆ ನೀಲಿ ಚೌಕಟ್ಟು ಎರಡು, ಅ ಮತ್ತು ಬ.

"ಪ್ಯಾನ್" ಅನ್ನುವ ಪದವೂ ಸಾಲುವುದಿಲ್ಲ. ನಿಜವಾದ ಕ್ಯಾಮೆರಾದಲ್ಲಿ ಪ್ಯಾನ್ ಅಂದರೆ ನಿಂತಲ್ಲೇ ಕತ್ತು ತಿರುಗಿಸುವುದು. ಇಲ್ಲಿ ನನಗೆ ಬೇಕಿದ್ದುದು ಪಕ್ಕದಲ್ಲೇ ನಡೆದುಕೊಂಡು ಹೋದಂತಹ ಸರಿತ. ನಡೆದುಕೊಂಡು ಹೋಗುವಾಗ ಹತ್ತಿರದ ಗೇಟು ಬೇಗ ಸರಿಯುತ್ತದೆ, ಹಿಂದಿನ ಗುಡ್ಡ ನಿಧಾನ, ಆಕಾಶ ನಿಂತೇ ಇರುತ್ತದೆ. ಅವನ ಮೊದಲ ಕಟ್‌ನಲ್ಲಿ ಗುಡ್ಡವೂ ಗೇಟಿನ ಜೊತೆಗೇ ಓಡುತ್ತಿತ್ತು, ಗೋಡೆಯ ಮೇಲೆ ಬಣ್ಣ ಬಳಿದ ಗುಡ್ಡದಂತೆ. ಹೊಸ ಟಿಪ್ಪಣಿ ಹೀಗಾಯಿತು. ಹೋಲ್ಡ್ ಅಂದರೆ ಸುಮ್ನೆ ನಿಲ್ಲುವ ಹೊತ್ತು. ಕೂಡು ಗುರುತಿನ ಎಡಗಡೆ ಸೆಕೆಂಡು, ಬಲಗಡೆ ಫ್ರೇಮು:

```
ಶಾಟ್ 4   ಒಟ್ಟು 7+00
ಹೋಲ್ಡ್ ಅ      0+18
ಸರಿತ ಅ → ಬ    4+00   ಎರಡೂ ತುದಿ ನಿಧಾನ, ಫ್ರೇಮಿಗೆ 42 px ಮೀರಬಾರದು
ಹೋಲ್ಡ್ ಬ      2+06
ಗೇಟು 2000 px, ಗುಡ್ಡ 400 px, ಆಕಾಶ 0
```

"ಬೇಗ", "ನಿಧಾನಕ್ಕೆ", "ಸ್ವಲ್ಪ ಹೊತ್ತು" ಎಂಬ ಪದಗಳನ್ನು ನಾನು ಪೂರ್ತಿ ಬಿಟ್ಟಿಲ್ಲ. ಸಂಖ್ಯೆಯ ಪಕ್ಕದಲ್ಲಿದ್ದರೆ ಅವು ಭಾವ ಹೇಳುತ್ತವೆ. ಸಂಖ್ಯೆ ಇಲ್ಲದಿದ್ದರೆ ಒಬ್ಬೊಬ್ಬರ "ಬೇಗ" ಒಂದೊಂದು ತರ.

ಆರು ಸೆಕೆಂಡು ಎಲ್ಲಿ ಹೋಯಿತು

84 ಸೆಕೆಂಡಿನ ಗುಟ್ಟು ಹಿಡಿಯಲು ನನಗೆ ಅರ್ಧ ದಿನ ಬೇಕಾಯಿತು. ಒಂದೊಂದೇ ಶಾಟ್ ತೆಗೆದು ಅಳೆದರೆ ಎಲ್ಲವೂ ಸರಿ. 14ನ್ನೂ ಕೂಡಿಸಿದರೆ 90. ಜೋಡಿಸಿದರೆ 84.

ಬೋರ್ಡಿನಲ್ಲಿ ನಾನು ಆರು ಕಡೆ ಡಿಸಾಲ್ವ್ ಹಾಕಿದ್ದೆ. ಒಂದೊಂದೂ ಒಂದು ಸೆಕೆಂಡು. ಡಿಸಾಲ್ವ್ ಅಂದರೆ ಹೋಗುವ ಶಾಟು ಕರಗುತ್ತಾ, ಬರುವ ಶಾಟು ಮೂಡುತ್ತಾ ಎರಡೂ ಒಂದರ ಮೇಲೊಂದು ಕೂರಬೇಕು. ಆ 24 ಫ್ರೇಮು ಎರಡೂ ಶಾಟಿನ ಲೆಕ್ಕದಲ್ಲಿ ಬರುತ್ತದೆ, ಆದರೆ ಪರದೆಯ ಮೇಲೆ ಒಂದೇ ಸಲ ಓಡುತ್ತದೆ. ಹೀಗಾಗಿ ಪ್ರತಿ ಡಿಸಾಲ್ವ್ ಒಂದು ಸೆಕೆಂಡನ್ನು ನುಂಗುತ್ತದೆ. ಆರಕ್ಕೆ ಆರು ಸೆಕೆಂಡು. ಆನಿಮ್ಯಾಟಿಕ್‌ನಲ್ಲಿ ನಾನು ಡಿಸಾಲ್ವ್ ಮಾಡದೆ ಪೆನ್ಸಿಲ್‌ನಲ್ಲಿ ಗುಣಾಕಾರದ ಗುರುತು ಮಾತ್ರ ಹಾಕಿದ್ದೆ. ಅದಕ್ಕೇ ಅಲ್ಲಿ 90 ಬಂದಿತ್ತು.

ಬರೀ ಉದ್ದ ಕಡಿಮೆಯಾಗಿದ್ದರೆ ಚಿಂತೆಯಿರಲಿಲ್ಲ. ಮಾತು ತನ್ನ ಪಾಡಿಗೆ 90 ಸೆಕೆಂಡು ಓಡುತ್ತದಲ್ಲ. ಪ್ರತಿ ಡಿಸಾಲ್ವ್ ದಾಟಿದಾಗಲೂ ಚಿತ್ರ ಮಾತಿಗಿಂತ ಇನ್ನೊಂದು ಸೆಕೆಂಡು ಮುಂದೆ ಹೋಗುತ್ತಿತ್ತು. ಹತ್ತನೇ ಶಾಟಿಗೆ ಬರುವಷ್ಟರಲ್ಲಿ ನಾಲ್ಕು ಸೆಕೆಂಡು ಅಂತರ. ಮಾತಿನಲ್ಲಿ "ನೀರು ಇನ್ನೂ ಹೊಳಿಗೆ ಹೋಗಾಕತ್ತಿತ್ತು" ಎನ್ನುವಾಗ ಪರದೆಯ ಮೇಲೆ ತುಂಡು ಇಳಿದು ಕೂತಾಗಿತ್ತು. ಚಿತ್ರ ಶುರುವಿನಲ್ಲಿ ಸರಿಯಿದ್ದು, ಹೋಗ್ತಾ ಹೋಗ್ತಾ ಮೆಟ್ಟಿಲು ಮೆಟ್ಟಿಲಾಗಿ ಮಾತಿನಿಂದ ದೂರ ಹೋದರೆ ಮೊದಲು ಡಿಸಾಲ್ವ್ ಎಣಿಸಿ. ಒಂದೇ ಸಮ ನಿಧಾನವಾಗಿ ದೂರ ಹೋದರೆ ಫ್ರೇಮ್ ರೇಟು ಬೇರೆ ಇರುತ್ತದೆ, ಒಬ್ಬರದು 24, ಇನ್ನೊಬ್ಬರದು 25. ಎರಡು ರೋಗದ ಲಕ್ಷಣ ಬೇರೆ ಬೇರೆ.

ಇದನ್ನು ಸರಿಮಾಡಲು ಹುಡುಗ ಒಂದು ಉಪಾಯ ಮಾಡಿ ಎರಡನೇ ಕಟ್ ಕಳಿಸಿದ. ಪ್ರತಿ ಡಿಸಾಲ್ವ್ ಹತ್ತಿರ ಹೋಗುವ ಶಾಟಿನ ಕೊನೆಯ ಫ್ರೇಮನ್ನು 24 ಫ್ರೇಮು ಎಳೆದು ನಿಲ್ಲಿಸಿದ್ದ. 90 ಸೆಕೆಂಡೇನೋ ಬಂತು. ಆದರೆ ನಮ್ಮ ಚಿತ್ರದ ತುಂಬ ಇರುವುದೇ ನೀರು. ಭೋರ್ಗರೆಯುತ್ತಿದ್ದ ನೀರು ಕರಗಲು ಶುರುವಾದ ಕೂಡಲೇ ಗಾಜಿನಂತೆ ನಿಂತುಬಿಡುತ್ತಿತ್ತು. ಗೋಡೆಯೋ ಮೇಜೋ ಇದ್ದ ಶಾಟಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಶಾಟಿನ ಉದ್ದ ಅಂತ ನಾನು ಬರೆಯುವುದು ಒಂದು ಡಿಸಾಲ್ವ್‌ನ ನಡುವಿನಿಂದ ಇನ್ನೊಂದರ ನಡುವಿನವರೆಗೆ. ಅವನು ಚಲನೆ ಮಾಡುವಾಗ ಡಿಸಾಲ್ವ್ ಇರುವ ಕಡೆ ಅರ್ಧದಷ್ಟು ಜಾಸ್ತಿ ಮಾಡಬೇಕು. ಉದಾಹರಣೆಗೆ ಒಂದು ಶಾಟ್ 6 ಸೆಕೆಂಡು, ಎರಡೂ ತುದಿಯಲ್ಲಿ 24 ಫ್ರೇಮಿನ ಡಿಸಾಲ್ವ್ ಇದೆ ಅಂದುಕೊಳ್ಳಿ. 144 ಫ್ರೇಮಿಗೆ ಹಿಂದೆ 12, ಮುಂದೆ 12 ಸೇರಿ 168 ಮಾಡಬೇಕು. ನೀರು ಕೊನೆಯ ಫ್ರೇಮಿನವರೆಗೂ ಹರಿಯುತ್ತಿರುತ್ತದೆ, ಒಟ್ಟು ಲೆಕ್ಕವೂ ಕೆಡುವುದಿಲ್ಲ. ಬೋರ್ಡಿನಲ್ಲಿ ಈಗ ಎರಡು ಸಂಖ್ಯೆ ಬರೆಯುತ್ತೇನೆ, "ಪರದೆಗೆ 144, ಮಾಡಬೇಕಾದ್ದು 168". ಇದು ಅವನ ದುಡ್ಡಿನ ಪ್ರಶ್ನೆಯೂ ಹೌದು. ಅವನಿಗೆ ಹಣ ಸೆಕೆಂಡಿನ ಲೆಕ್ಕದಲ್ಲಿ. ಪರದೆಯ ಮೇಲೆ ಕಾಣದ ಫ್ರೇಮನ್ನೂ ಬರೆಯಬೇಕು ಎಂದರೆ ಅದು ಮೊದಲೇ ಗೊತ್ತಾಗಿರಬೇಕಲ್ವಾ?

ಈ ಲೆಕ್ಕ ಹಾಕುವಾಗಲೇ ಇನ್ನೊಂದು ತಿಳಿಯಿತು. ನನ್ನ ಆರು ಡಿಸಾಲ್ವ್‌ಗಳಲ್ಲಿ ನಾಲ್ಕು ಬರೀ ಚಂದಕ್ಕೆ ಹಾಕಿದ್ದು. ಒಂದಂತೂ ನಾಲ್ಕನೇ ಶಾಟಿನ ಸರಿತ ಇನ್ನೂ ನಡೆಯುತ್ತಿರುವಾಗಲೇ ಬಂದು ಕೂತಿತ್ತು. ಸರಿಯುವ ಗೇಟುಗಳ ಮೇಲೆ ಮುಂದಿನ ಶಾಟಿನ ಚಿತ್ರ ಮೂಡಿದರೆ ಎರಡೂ ಸೇರಿ ಕಲಸುಮೇಲೋಗರ. ನಾಲ್ಕನ್ನೂ ನೇರ ಕಟ್ ಮಾಡಿದೆ. ಕಾಲ ಸರಿಯುವ ಎರಡು ಕಡೆ ಮಾತ್ರ ಉಳಿಸಿದೆ. ಒಂದು, ಗೇಟು ಹೋದ ರಾತ್ರಿಯಿಂದ ಬೆಳಗಿಗೆ. ಇನ್ನೊಂದು, ಆ ಬೆಳಗಿನಿಂದ 16ನೇ ತಾರೀಖಿಗೆ.

ಚೈನು

ಆರನೇ ಶಾಟಿಗೆ ಮೂರು ಪ್ಯಾನೆಲ್ ಬರೆದಿದ್ದೆ. ಬಿಗಿದು ನಿಂತ ಚೈನು. ಬಾಯಿ ಬಿಟ್ಟ ಕೊಂಡಿ. ಬೀಳುತ್ತಿರುವ ಗೇಟು. ಮೂರರ ಕೆಳಗೂ "2 ಸೆಕೆಂಡು" ಎಂದು ಬರೆದಿದ್ದೆ. ಶಾಟ್ 6 ಸೆಕೆಂಡು, ಪ್ಯಾನೆಲ್ ಮೂರು, ಭಾಗಿಸಿದರೆ ಎರಡೆರಡು. ಅಡುಗೆಮನೆಯಲ್ಲಿ ಹೋಳಿಗೆ ಹಂಚಿದಂತೆ ಹಂಚಿದ್ದೆ.

ಹುಡುಗ ನಂಬಿಕೆಯಿಂದ ಎರಡನೇ ಪ್ಯಾನೆಲ್‌ಗೆ ಪೂರ್ತಿ 48 ಫ್ರೇಮು ಕೊಟ್ಟ. ಕಬ್ಬಿಣದ ಕೊಂಡಿ ನಿಧಾನವಾಗಿ ಹಿಗ್ಗಿ, ತೆಳ್ಳಗಾಗಿ, ಕೊನೆಗೆ ಬಿಟ್ಟುಕೊಂಡಿತು. ಮನೆಯಲ್ಲಿ ತೋರಿಸಿದರೆ ನನ್ನ ಮಗಳು ನಕ್ಕಳು.

ಪ್ಯಾನೆಲ್ ತೋರಿಸುವುದು ಭಂಗಿಯನ್ನು. ಅದಕ್ಕೆ ಎಷ್ಟು ಹೊತ್ತು ಎಂಬುದು ಬೇರೆ ಸಂಗತಿ. ಚೈನು ಕಡಿಯುವುದು ಎರಡು ಮೂರು ಫ್ರೇಮಿನ ಕೆಲಸ. ಅದರ ಭಾರ ಇರುವುದು ಅದಕ್ಕೂ ಮುಂಚಿನ ಕಾಯುವಿಕೆಯಲ್ಲಿ, ಆಮೇಲಿನ ಒಂದು ಕ್ಷಣದ ಸ್ತಬ್ಧತೆಯಲ್ಲಿ. ಅದೇ 6 ಸೆಕೆಂಡನ್ನು ಮತ್ತೆ ಹಂಚಿದೆ:

```
ಶಾಟ್ 6   ಒಟ್ಟು 6+00
ಚೈನು ಬಿಗಿದು ನಡುಗುವುದು   3+00
ಕೊಂಡಿ ಬಿಡುವುದು          0+03
ಎಲ್ಲ ಸ್ತಬ್ಧ               0+08
ಗೇಟು ಹೋಗುವುದು          2+13
```

ನಡುಗುವಾಗ ಎರಡು ಫ್ರೇಮಿಗೊಂದು ಚಿತ್ರ ಸಾಕು. ಕೊಂಡಿ ಬಿಡುವ ಮೂರು ಫ್ರೇಮಿಗೆ ಮೂರು ಬೇರೆ ಚಿತ್ರ ಬೇಕು ಎಂದು ಪಕ್ಕದಲ್ಲಿ ಬರೆದೆ. ಇಲ್ಲದಿದ್ದರೆ ಅವನು ರೂಢಿಯಂತೆ ಅಲ್ಲೂ ಎರಡಕ್ಕೊಂದು ಹಾಕಿಬಿಟ್ಟರೆ ಕಡಿತ ಒಂದೇ ಚಿತ್ರದಲ್ಲಿ ಮುಗಿದು ಕಣ್ಣಿಗೇ ಬೀಳುವುದಿಲ್ಲ. ಶಬ್ದ ಎಲ್ಲಿ ಬರಬೇಕು ಎಂಬುದನ್ನೂ ಫ್ರೇಮಿನಲ್ಲೇ ಹೇಳಿದೆ: ಶಾಟಿನ 73ನೇ ಫ್ರೇಮು.

ತಿದ್ದಿದ ಬೋರ್ಡನ್ನು ಈ ಸಲ ಸುಮ್ನೆ ಕಳಿಸಲಿಲ್ಲ. ಫೋನ್ ಹಚ್ಚಿ, ಇಬ್ಬರೂ ಹಾಳೆ ಮುಂದಿಟ್ಟುಕೊಂಡು, "ನೀನೇ ಓದಪ್ಪಾ, ಏನು ಮಾಡ್ತೀಯ ಹೇಳು" ಎಂದೆ. ನಾನು ವಿವರಿಸುವುದಕ್ಕಿಂತ ಅವನು ಓದಿ ಹೇಳುವುದರಲ್ಲಿ ತಪ್ಪು ಬೇಗ ಸಿಗುತ್ತದೆ. ಹನ್ನೊಂದನೇ ಶಾಟಿನಲ್ಲಿ ಸಿಕ್ಕಿತು. ಅಲ್ಲಿ ನಾನು "ಕ್ಯಾಮೆರಾ ಕೆಳಗೆ" ಎಂದಷ್ಟೇ ಬರೆದಿದ್ದೆ. "ಕ್ಯಾಮೆರಾ ತಾನೇ ಕೆಳಗ ಇಳಿತೈತೇನ್ರಿ ಅಣ್ಣಾ, ಇಲ್ಲಾ ನಿಂತಲ್ಲೇ ಕೆಳಗ ನೋಡ್ತೈತಿ?" ಎಂದು ಕೇಳಿದ. ನೀಲಿ ಚೌಕಟ್ಟು ಬರೆಯುವುದನ್ನೇ ಮರೆತಿದ್ದೆ. 14 ಶಾಟಿಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಮೊದಲ ಸಲ ಇದನ್ನು ಮಾಡದಿದ್ದುದಕ್ಕೆ ಅವನ ಮೂರೂವರೆ ದಿನದ ಕೆಲಸ ನೀರಿಗೆ ಹೋಗಿತ್ತು.

ಒಂದು ಕಡೆ ಮಾತ್ರ ನನ್ನ ಸಂಖ್ಯೆ ಸೋತಿತು. ಒಂಬತ್ತನೇ ಶಾಟಿನಲ್ಲಿ ಮೊದಲ ತುಂಡು ಕ್ರೇನಿನಿಂದ ಇಳಿದು ನೀರಿಗೆ ತಾಗುತ್ತದೆ. ಶುರುವಿನ ಚೌಕಟ್ಟು, ಕೊನೆಯ ಚೌಕಟ್ಟು, ಒಟ್ಟು 5+00 ಎಂದಷ್ಟೇ ಬರೆದು ಉಳಿದಿದ್ದನ್ನು ಅವನಿಗೆ ಬಿಟ್ಟಿದ್ದೆ. ನೀರಿನ ಸೆಳೆತಕ್ಕೆ ತುಂಡು ಎರಡು ಸಲ ತೂಗಿ, ಮೂರನೆಯದಕ್ಕೆ ಸಂದಿಗೆ ಕೂರುವಂತೆ ಮಾಡಿ ಕಳಿಸಿದ. ಅದು 14 ಫ್ರೇಮು ಜಾಸ್ತಿ ಆಗಿತ್ತು. "ಕಡಿಮಿ ಮಾಡ್ಲೇನ್ರಿ?" ಎಂದ. ಎರಡು ಸಲ ಓಡಿಸಿ ನೋಡಿದೆ. ಆ ತೂಗಾಟದಲ್ಲೇ ತುಂಡಿನ ತೂಕ ಕಾಣುತ್ತಿತ್ತು. ಹತ್ತನೇ ಶಾಟಿನ ಶುರುವಿನ ಹೋಲ್ಡ್ 1+12 ಇತ್ತು. ಅದನ್ನು ಹೊಡೆದುಹಾಕಿ 0+22 ಎಂದು ಬರೆದು, ಒಂಬತ್ತನೆಯದರ ಮುಂದೆ 5+14 ಎಂದು ತಿದ್ದಿ ಹಾಳೆಯ ಫೋಟೊ ಅವನಿಗೆ ಕಳಿಸಿದೆ.